ಎಫ್ ಆದ ಮೇಲೆ ಎಚ್

ಬದುಕಿದ್ದವರನ್ನು ಯಾರಾದರೂ ವಿಚಾರಿಸಿಕೊಂಡು ಬಂದರೆ ಸಂತೋಷವೇ. ಆದರೆ ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ, ಮೊಣಕಾಲುದ್ದ ಹಿಮ ತುಳಿದುಕೊಂಡು ಬಂದ ಗೋಪಿ ಬಾಗಿಲಲ್ಲಿ ನಿಂತು ಹೇಳಿದ ಮೊದಲ ಮಾತು ಕೇಳಿ ನೀಲಗಂಗಾಗೆ ನಗು ಬರಲಿಲ್ಲ.

"ಅಕ್ಕಾ, ನೀವು ಆರು ವಾರದಿಂದ ಫೋನೇ ಎತ್ತುತ್ತಿಲ್ಲವಂತೆ. ಬದುಕಿದೀರೋ ಇಲ್ವೋ ನೋಡೋಣ ಅಂತ ಬಂದೆ."

ಗೋಪಿ ತಮಾಷೆಯ ಹುಡುಗ. ತಂಗಿ ಮದುವೆಗೆಂದು ಬೆಂಗಳೂರಿಗೆ ಹೋದವನು ಐದು ವಾರದ ಮೇಲೆ ಮೊನ್ನೆ ಭಾನುವಾರವಷ್ಟೇ ಬಂದಿಳಿದಿದ್ದ. ಕೈಯಲ್ಲಿ ಅವನಮ್ಮ ಕಟ್ಟಿಕೊಟ್ಟ ಕೋಡುಬಳೆಯ ಪೊಟ್ಟಣ.

"ಯಾರ್ ಹೇಳಿದ್ರೋ ನಿನಗ? ನಾ ಪ್ರತಿ ಮಂಗಳವಾರ ಜಗನ್ನಾಥ ಅಂಕಲ್ ಕೂಡ ಮಾತಾಡೇನಿ. ಒಂದ್ ವಾರಾನೂ ತಪ್ಪಿಲ್ಲ."

"ಶೀಟ್ ಹೇಳ್ತಾ ಇದೆ ಅಕ್ಕ. ನೀವೇ ಮಾಡಿದ ಶೀಟು."

ಶೀಟಿನ ಸಂಗತಿ ಹೀಗೆ. ಎರಡು ಸಾವಿರದ ಹತ್ತನೇ ಇಸವಿಯ ಆ ಚಳಿಗಾಲದಲ್ಲಿ ಡೆಟ್ರಾಯಿಟ್ ಸುತ್ತಮುತ್ತ ಕನ್ನಡದವರ ಮನೆಗಳಲ್ಲಿ ಕೆಲಸ ಇರುವವರನ್ನು ಎಣಿಸುವುದೇ ಸುಲಭವಾಗಿತ್ತು. ಸಂಕ್ರಾಂತಿಗೆ ಎಳ್ಳು ಬೀರಲು ಹೋದರೂ "ನಿಮ್ಮಲ್ಲಿ ಹೇಗೆ?" ಎಂದು ಕೇಳಲು ಜನ ಹೆದರುತ್ತಿದ್ದರು. ಕೆಲಸ ಹೋದವರೆಲ್ಲ ಒಬ್ಬರಿಗೊಬ್ಬರು ಆಗಲಿ ಎಂದು ಕನ್ನಡ ಕೂಟದವರು 'ಆಸರೆ' ಎಂಬ ಸಣ್ಣ ಗುಂಪು ಕಟ್ಟಿದರು. ನವೆಂಬರಿನಲ್ಲಿ ಕೆಲಸ ಕಳೆದುಕೊಂಡಿದ್ದ ನೀಲಗಂಗಾ ಅದರ ಲೆಕ್ಕಪತ್ರದ ಕೆಲಸವನ್ನು ತಾನಾಗಿ ಕೈಗೆತ್ತಿಕೊಂಡಳು. ಹನ್ನೊಂದು ವರ್ಷ ಬಿಡಿಭಾಗಗಳ ಕಂಪನಿಯೊಂದರಲ್ಲಿ ಡೇಟಾ ನೋಡಿದವಳು. ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆ ಎಂದು ಅವಳಿಗೆ ಗೊತ್ತಿತ್ತು. ಗಂಡ ಕೇಶವ್ ನೇಪರ್‌ವಿಲ್‌ನಲ್ಲಿ ಕಾಂಟ್ರ್ಯಾಕ್ಟ್ ಹಿಡಿದು ಹದಿನೈದು ದಿನಕ್ಕೊಮ್ಮೆ ಮುನ್ನೂರು ಮೈಲಿ ಡ್ರೈವ್ ಮಾಡಿಕೊಂಡು ಬರುತ್ತಿದ್ದ. ಡೆಟ್ರಾಯಿಟ್ ಹತ್ತಿರದ ನೋವೈಯ ಈ ಮನೆಯಲ್ಲಿ ಅವಳು, ಎಂಟನೇ ಕ್ಲಾಸಿನ ಮಗಳು ಧೃತಿ, ಮತ್ತು ಯಾರೂ ಕೊಳ್ಳದ ಮನೆಯ ಮುಂದೆ ನೆಟ್ಟ ಫಾರ್ ಸೇಲ್ ಬೋರ್ಡು.

ಅವಳು ಗೂಗಲ್‌ನಲ್ಲಿ ಒಂದು ಸ್ಪ್ರೆಡ್‌ಶೀಟ್ ತೆರೆದು ಅದಕ್ಕೊಂದು ಫಾರ್ಮ್ ಜೋಡಿಸಿದ್ದಳು. ಸೋಮವಾರ ಎಲ್ಲರಿಗೂ ಲಿಂಕ್ ಹೋಗುತ್ತದೆ. ಅವರು ಫಾರ್ಮ್ ತುಂಬಿ ಸಬ್ಮಿಟ್ ಒತ್ತಿದರೆ ಶೀಟಿನ ಕೊನೆಯಲ್ಲಿ ಅವರದೊಂದು ಸಾಲು ತಾನಾಗಿ ಬಂದು ಕೂರುತ್ತದೆ. ಎ ಕಾಲಮ್ಮಿನಲ್ಲಿ ತುಂಬಿದ ದಿನ, ಗಂಟೆ, ನಿಮಿಷ. ಅದನ್ನು ಯಾರೂ ಬರೆಯಬೇಕಿಲ್ಲ, ಶೀಟೇ ಬರೆದುಕೊಳ್ಳುತ್ತದೆ. ಬಿಯಲ್ಲಿ ಹೆಸರು. ಸಿಯಲ್ಲಿ ಕೆಲಸ ಹೋಗಿ ಎಷ್ಟು ತಿಂಗಳು. ಡಿ, ಇ, ಎಫ್‌ಗಳಲ್ಲಿ ಎಲ್ಲೆಲ್ಲಿ ಅಪ್ಲೈ ಮಾಡಿದಿರಿ, ಬೇರೆಯವರಿಗಾಗುವ ಕೆಲಸ ಕಣ್ಣಿಗೆ ಬಿತ್ತೇ, ಏನು ಸಹಾಯ ಬೇಕು. ಜಿ ಎಂದರೆ ಕೊನೆಯ ಪ್ರಶ್ನೆ: ಇನ್ನೇನಾದರೂ ಹೇಳುವುದಿದೆಯೇ? ಫಾರ್ಮಿನಿಂದ ಬರುವುದು ಅಲ್ಲಿಗೆ ಮುಗಿಯಿತು. ಅದರ ಬಲಕ್ಕೆ ಎಚ್ ಮತ್ತು ಐ ಕೈಯಿಂದ ತುಂಬುವ ಕಾಲಮ್ಮುಗಳು: ಯಾರು ಫೋನ್ ಮಾಡಿದರು, ಏನಾಯಿತು. ಅವು ಜಗನ್ನಾಥ ಅಂಕಲ್ ಪಾಲು. ಶೀಟನ್ನು ಗುಂಪಿನವರೆಲ್ಲರೂ ತೆರೆದು ನೋಡಬಹುದಿತ್ತು.

ಜಗನ್ನಾಥ ಅಂಕಲ್ ಮೈಸೂರಿನವರು, ರಿಟೈರ್ ಆದ ಡಾಕ್ಟರು. ಪ್ರತಿ ಮಂಗಳವಾರ ಹನ್ನೊಂದಕ್ಕೆ ಶುರುಮಾಡಿ ಸಾಲಿನ ಪ್ರಕಾರ ಎಲ್ಲರಿಗೂ ಫೋನ್ ಮಾಡಿ, ಅವರವರ ಸಾಲಿನ ಪಕ್ಕದಲ್ಲಿ ಎರಡು ಮಾತು ಟೈಪ್ ಮಾಡುತ್ತಿದ್ದರು. ಎರಡು ವಾರ ಫೋನ್ ಎತ್ತದವರ ಮನೆಗೆ ಗೋಪಿ ಹೋಗಿ ನೋಡಿ ಬರಬೇಕು. ಗೋಪಿ ಊರಿಗೆ ಹೋದಾಗ ಆ ಕೆಲಸ ಯಾರದು ಎಂದು ಯಾರೂ ಕೇಳಲಿಲ್ಲ. ಹತ್ತು ಜನ ಸೇರಿದ ಕಡೆ ಹಾವು ಸಾಯೋದಿಲ್ಲ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿಲ್ಲ.

ಗೋಪಿ ಬೂಟು ಬಿಚ್ಚಿಟ್ಟು ಒಳಗೆ ಬಂದ. ನೀಲಗಂಗಾ ಅಡುಗೆಮನೆ ಟೇಬಲ್ಲಿನ ಮೇಲೆ ಲ್ಯಾಪ್‌ಟಾಪ್ ತೆರೆದಳು. ವಾರ ಮುಗಿದ ಮೇಲೆ ಅವಳು ಶೀಟಿನ ನಕಲು ತೆಗೆದು ಆ ವಾರದ ತಾರೀಖಿನ ಹೆಸರಿನಲ್ಲಿ ಒಂದು ಟ್ಯಾಬ್ ಮಾಡಿಟ್ಟು, ಮೂಲ ಶೀಟಿನ ಸಾಲುಗಳನ್ನು ಅಳಿಸಿ ಹೊಸ ವಾರಕ್ಕೆ ಖಾಲಿ ಮಾಡುತ್ತಿದ್ದಳು. ಹಾಗೆ ಆರು ಟ್ಯಾಬುಗಳಿದ್ದವು. ಗೋಪಿ ಒಂದೊಂದಾಗಿ ಕೊನೆಯ ಸಾಲಿಗೆ ಇಳಿದು ತೋರಿಸಿದ. ಆರರಲ್ಲೂ ಕೊನೆಯ ಸಾಲಿನಲ್ಲಿ ಅವಳ ಹೆಸರು. ಅದರ ಪಕ್ಕದಲ್ಲಿ ಜಗನ್ನಾಥರ ಬರಹ.

ಎತ್ತಲಿಲ್ಲ. ಎತ್ತಲಿಲ್ಲ, ಎರಡು ಸಲ ಮಾಡಿದೆ. ಇವತ್ತೂ ಎತ್ತಲಿಲ್ಲ. ಗೋಪಿ ಹೋಗಿ ನೋಡಲಿ.

ಅಂಕಲ್ ಜೊತೆ ಮಾತಾಡಿದ್ದು ನೀಲಗಂಗಾಗೆ ಚೆನ್ನಾಗಿ ನೆನಪಿತ್ತು. ನೆನಪಿರಲೇಬೇಕು, ಏಕೆಂದರೆ ಆಡಿದ್ದೆಲ್ಲ ಸುಳ್ಳು, ಮತ್ತು ಸುಳ್ಳು ಹೇಳಿದವರಿಗೆ ನೆನಪು ಜಾಸ್ತಿ. "ಏನಮ್ಮಾ, ಆರಾಮಾ?" ಎಂದು ಅವರು ಕೇಳಿದ ಕೂಡಲೇ "ಅರಾಮ ಅದೀನ್ರಿ ಅಂಕಲ್" ಎನ್ನುತ್ತಿದ್ದಳು. ಅವರ ದನಿಯಲ್ಲಿ ಅಷ್ಟು ಕಕ್ಕುಲಾತಿ ಇರುತ್ತಿತ್ತು; ಅದಕ್ಕೆ ನಿಜ ಹೇಳಿದರೆ ತಾನು ಅಲ್ಲೇ ಕುಸಿಯುತ್ತೇನೆಂಬ ಭಯ. ಐ ಕಾಲಮ್ಮಿನ ಕಡೆ ಅವಳು ಇಷ್ಟು ದಿನ ಕಣ್ಣು ಹಾಯಿಸದೇ ಇದ್ದದ್ದಕ್ಕೂ ಅದೇ ಕಾರಣ. ಬೇರೆಯವರ ನೋವು ಓದಬಾರದು ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಓದಬಾರದೆಂದಿದ್ದದ್ದು ತನ್ನ ಸುಳ್ಳುಗಳನ್ನು.

"ಅಂಕಲ್‌ಗೆ ವಯಸ್ಸಾತು. ಯಾರದ್ದೋ ಸಾಲಿನ್ಯಾಗ ಯಾರದ್ದೋ ಬರದಾರ," ಎಂದಳು.

"ಆರು ವಾರಾನೂ ಅದೇ ಸಾಲಿನಲ್ಲಾ?" ಎಂದ ಗೋಪಿ. ಆಮೇಲೆ ಪರದೆಯ ಮೇಲೆ ಬೆರಳಿಟ್ಟ. "ಅಕ್ಕ, ಇದೇನು? ಎಫ್ ಆದ ಮೇಲೆ ಎಚ್ ಇದೆ. ಜಿ ಎಲ್ಲಿ?"

"ಅದನ್ನ ಮುಚ್ಚಿಟ್ಟೇನಿ. ಡಿಸೆಂಬರ್‌ದಾಗ ಟ್ರಯಲ್ ವಾರ ಎಲ್ಲಾರೂ ಅದರಾಗ ಥ್ಯಾಂಕ್ಸು, ಜೋಕು ಬರದಿದ್ರು. ಗುರುವಾರದ ಮೀಟಿಂಗಿಗೆ ಪ್ರಿಂಟ್ ತಗದ್ರ ಹಾಳಿಗೆ ಹಿಡೀತಿರಲಿಲ್ಲ."

"ಫಾರ್ಮ್‌ನಿಂದ ಪ್ರಶ್ನೆ ತೆಗೆದ್ರಾ?"

ಅವಳು ತೆಗೆದಿರಲಿಲ್ಲ. ಶೀಟಿನಲ್ಲಿ ಕಾಲಮ್ಮನ್ನು ಮರೆಮಾಡಿದರೆ ಫಾರ್ಮಿಗೆ ಅದು ಗೊತ್ತೂ ಆಗುವುದಿಲ್ಲ. ಅದು ಕೇಳುತ್ತಲೇ ಇರುತ್ತದೆ, ಜನ ಬರೆಯುತ್ತಲೇ ಇರುತ್ತಾರೆ, ಉತ್ತರಗಳು ಕತ್ತಲೆಯಲ್ಲಿ ಬಂದು ಬಂದು ಬೀಳುತ್ತಿರುತ್ತವೆ. ಎಫ್ ಮತ್ತು ಎಚ್‌ಗಳ ನಡುವಿನ ಸಣ್ಣ ಗುರುತನ್ನು ಅವಳು ಒತ್ತಿದಳು. ಕಾಲಮ್ಮು ತೆರೆದುಕೊಂಡಿತು.

ಅದರ ಹೆಚ್ಚಿನ ಚೌಕಗಳು ಖಾಲಿ. ಅವಳ ಹೆಸರಿದ್ದ ಸಾಲಿನ ಜಿ ಮಾತ್ರ ತುಂಬಿತ್ತು. ಅವಳು ಅಲ್ಲಿ ಎಂದೂ ಒಂದಕ್ಷರ ಬರೆದವಳಲ್ಲ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ, ಅವಳೂ ಬರೆಯುವ ಹಾಗೆಯೇ. ಜನವರಿ ನಾಲ್ಕರ ಟ್ಯಾಬಿನಲ್ಲಿ:

*ಮನೆ ಫೋನಿಗೆ ಮಾಡಬೇಡಿ, ಹಗಲು ಹೊತ್ತು ಅಲ್ಲಿ ಯಾರೂ ಇರಲ್ಲ. ಈ ಸೆಲ್ ನಂಬರಿಗೆ ಮಾಡಿ. ಯಾರಾದರೂ ಒಬ್ಬರು ಮಾತಾಡಿದರೆ ಸಾಕು.* ಕೆಳಗೊಂದು ನಂಬರು.

ನಂಬರು ಅವಳದಲ್ಲ. ಗೋಪಿ ಮುಂದಿನ ಟ್ಯಾಬ್ ಒತ್ತಿದ.

*ಯಾರೂ ಮಾಡಲಿಲ್ಲ. ಆದರೆ ಶೀಟಿನಲ್ಲಿ ನಾನು ಮಾತಾಡಿದೆ ಅಂತಿದೆ, ಆರಾಮಾಗಿದೀನಿ ಅಂದೆ ಅಂತಿದೆ. ನಾನು ಮಾತಾಡಿಲ್ಲ. ಇಲ್ಲಿ ನಾನು ಬರೆದದ್ದು ಮಾತ್ರ ಶೀಟಿನಲ್ಲಿ ಕಾಣುತ್ತಿಲ್ಲ. ಉಳಿದದ್ದೆಲ್ಲ ಕಾಣುತ್ತಿದೆ.*

ಜನವರಿ ಹದಿನೆಂಟು.

*ಶೀಟಿನಲ್ಲಿರುವವನು ಮಗಳಿಗೆ ದೋಸೆ ಹುಯ್ದು ಕೊಡುತ್ತಿದ್ದನಂತೆ, ಮಂಗಳವಾರ ಹನ್ನೊಂದಕ್ಕೆ. ಆವಾಗ ನಾನು ಹಳೇ ಪ್ಲಾಂಟಿನ ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗಿದ್ದೆ. ಶೀಟಿನಲ್ಲಿ ಓದಿದ ಸಂಜೆ ಮಗಳನ್ನು ಕೇಳಿದೆ. ಆವತ್ತು ದೋಸೆ ತಿಂದೆ ಅಂದಳು. ಯಾರು ಕೊಟ್ಟಿದ್ದು ಅಂತ ಕೇಳಲು ಧೈರ್ಯ ಆಗಲಿಲ್ಲ.*

ಗೋಪಿಯ ಕೈ ಮೌಸಿನ ಮೇಲೆ ಹಾಗೇ ನಿಂತಿತು. ಹೊರಗೆ ಹಿಮದ ಬಿಳುಪು ಕಿಟಕಿ ತುಂಬಿತ್ತು, ಹೀಟರ್ ಗುರುಗುಟ್ಟುತ್ತಿತ್ತು. ಪಟ್ಟಪಗಲು. ಆದರೂ ನೀಲಗಂಗಾ ಒಂದು ಸಲ ತಿರುಗಿ ಒಲೆಯ ಕಡೆ ನೋಡಿದಳು.

"ಅಕ್ಕ, ನೀವೇ ಬರೆದದ್ದಲ್ಲ ತಾನೇ?"

"ಹುಚ್ಚ ಅದೀಯೇನು?" ಎಂದಳು. ಜನವರಿ ಹನ್ನೆರಡು ಸ್ನೋ ಡೇ. ಶಾಲೆಗೆ ರಜೆ. ಅಂಕಲ್ ಫೋನ್ ಬಂದಾಗ ಅವಳು ಹಾಸಿಗೆಯಿಂದಲೇ ಎದ್ದಿರಲಿಲ್ಲ. ಧೃತಿ ಸೀರಿಯಲ್ ತಿಂದುಕೊಂಡು ಟಿವಿ ನೋಡುತ್ತಿದ್ದಳು. "ಏನು ಮಾಡ್ತಿದೀಯಮ್ಮ?" ಎಂದು ಅಂಕಲ್ ಕೇಳಿದ್ದಕ್ಕೆ "ಮಗಳಿಗೆ ದ್ವಾಸಿ ಹಾಕ್ಲಿಕತ್ತಿದ್ದೆ ಅಂಕಲ್" ಎಂದಿದ್ದಳು. ಆ ದೋಸೆ ಭೂಮಿಯ ಮೇಲೆ ಎಲ್ಲೂ ಇರಲಿಲ್ಲ. ಅದು ಇದನ್ನು ಬರೆದವರ ಮಗಳ ಹೊಟ್ಟೆಗೆ ಹೇಗೆ ಹೋಯಿತು?

ಮುಂದಿನದು.

*ಹೋದ ಮಂಗಳವಾರ ಹನ್ನೊಂದಕ್ಕೆ ಮನೆ ಮುಂದೆ ಕಾರು ನಿಧಾನ ಮಾಡಿದೆ. ಹೆಂಡತಿ ಡ್ಯೂಟಿಯಲ್ಲಿ, ಮಗು ಶಾಲೆಯಲ್ಲಿ. ಅಡುಗೆಮನೆ ಲೈಟು ಉರಿಯುತ್ತಿತ್ತು. ಇಳಿಯಲಿಲ್ಲ.*

ಅದರ ಮುಂದಿನದು.

*ಅವನಿಗೆ ಇಂಟರ್ವ್ಯೂ ಬಂದಿದೆ.*

ಆರನೆಯದು, ಫೆಬ್ರವರಿ ಎಂಟು, ಹೋದ ಸೋಮವಾರದ್ದು.

*ಸೌತ್‌ಫೀಲ್ಡಿನಲ್ಲಿ ಸೆಕೆಂಡ್ ರೌಂಡ್. ಅವನಿಗೆ ಎಲ್ಲ ಕೈಗೂಡುತ್ತಿದೆ. ಮನೆಗೆ ಇನ್ನು ಅವನೇ ಹೋಗಲಿ, ಚೆನ್ನಾಗಿ ನೋಡಿಕೊಳ್ಳುತ್ತಾನೆ. ಇಬ್ಬರು ಯಾಕೆ? ಮುಂದಿನ ವಾರ ನಾನು ಬರೆಯುವುದಿಲ್ಲ.*

ಸೆಕೆಂಡ್ ರೌಂಡ್. ನೀಲಗಂಗಾ ಕುರ್ಚಿ ಹಿಡಿದು ಕೂತಳು. ಅದೂ ಅವಳ ಮಾತೇ. ಫೋನಿನಲ್ಲಿ ಅಂಕಲ್ ನಿಟ್ಟುಸಿರು ಬಿಟ್ಟದ್ದು ಕೇಳಿ, ಪಾಪ ಸಮಾಧಾನವಾಗಲಿ ಎಂದು ಒಂದು ಇಂಟರ್ವ್ಯೂ ಹುಟ್ಟಿಸಿದ್ದಳು. ಮುಂದಿನ ವಾರ ಅವರು ಅದನ್ನೇ ಕೇಳಿದಾಗ ಅದಕ್ಕೊಂದು ಸೆಕೆಂಡ್ ರೌಂಡ್ ಕೊಟ್ಟಿದ್ದಳು. ತಾನು ಹೇಳಿದ ಸುಳ್ಳುಗಳನ್ನೆಲ್ಲ ಒಬ್ಬ ಮನುಷ್ಯ ಎಲ್ಲೋ ಕೂತು ಒಂದೊಂದಾಗಿ ನಂಬುತ್ತಿದ್ದಾನೆ, ಅವನ ಬರಹ ತನ್ನದೇ ಹೆಸರಿನ ಮುಂದೆ ಕೂತಿದೆ.

"ಮೇಲೆ ಹೋಗು. ಮೊದಲ್ನೇ ಸಾಲು ತೋರಿಸು," ಎಂದಳು.

ಮೊದಲ ಸಾಲಿನಲ್ಲಿ ಶಶಿಧರ. ಹದಿನೈದು ತಿಂಗಳು. ಅವನ ಪಕ್ಕದಲ್ಲಿ ಜಗನ್ನಾಥರ ಕೈಬರಹದಷ್ಟೇ ಪರಿಚಿತವಾದ ಧಾಟಿ: *ಮಾತಾಡಿದೆ. ಸೌತ್‌ಫೀಲ್ಡಿನಲ್ಲಿ ಸೆಕೆಂಡ್ ರೌಂಡ್ ಚೆನ್ನಾಗಿ ಆಯ್ತು ಅಂದ್ರು. ನಗ್ತಾ ನಗ್ತಾ ಮಾತಾಡಿದ್ರು. ಸಂತೋಷ.*

ಅವಳು ಎಡಕ್ಕೆ ಎ ಕಾಲಮ್ಮು ನೋಡಿದಳು. ಶಶಿಧರ ತುಂಬಿದ್ದು ಸೋಮವಾರ ಸಂಜೆ ನಾಲ್ಕೂ ನಲವತ್ತಕ್ಕೆ. ಅದರ ಕೆಳಗಿನವರು ಬೆಳಿಗ್ಗೆ ಒಂಬತ್ತಕ್ಕೆ. ಅದರ ಕೆಳಗೆ ಮಧ್ಯಾಹ್ನ. ಕೊನೆಯಲ್ಲಿ ಅವಳು, ಬೆಳಿಗ್ಗೆ ಆರೂ ಐದಕ್ಕೆ. ಫಾರ್ಮ್ ತಾನಾಗಿ ಸಾಲು ಹಾಕುವಾಗ ಮೊದಲು ಬಂದವರು ಮೇಲೆ, ಆಮೇಲೆ ಬಂದವರು ಕೆಳಗೆ. ಇಲ್ಲಿ ಗಡಿಯಾರ ಹಿಂದು ಮುಂದಾಗಿತ್ತು. ಅದನ್ನು ಹಿಂದು ಮುಂದು ಮಾಡಿದವಳು ಅವಳೇ.

"ಅಯ್ಯೋ ಶಿವನ," ಎಂದಳು. "ನಾ ಮಾಡಿದ್ನೋ ಗೋಪಿ. ಪ್ರತಿ ಗುರುವಾರ ಮಾಡೇನಿ."

ಗುರುವಾರದ ಮೀಟಿಂಗಿನಲ್ಲಿ ಹೆಚ್ಚು ತಿಂಗಳು ಕಷ್ಟಪಟ್ಟವರ ಮಾತು ಮೊದಲು ಬರಲಿ ಎಂಬುದು ಅವಳ ಒಳ್ಳೆಯ ಬುದ್ಧಿ. ಪ್ರಿಂಟ್ ತೆಗೆಯುವ ಮೊದಲು ಎಯಿಂದ ಎಫ್‌ವರೆಗೆ ಎಳೆದು ಆರಿಸಿ, ತಿಂಗಳ ಲೆಕ್ಕದಲ್ಲಿ ದೊಡ್ಡದು ಮೇಲೆ ಬರುವಂತೆ ಸಾರ್ಟ್ ಮಾಡುತ್ತಿದ್ದಳು. ಆರಿಸಿದ ಆರು ಕಾಲಮ್ಮುಗಳು ಮಾತ್ರ ಹೇಳಿದ ಹಾಗೆ ಎದ್ದು ಜಾಗ ಬದಲಿಸಿದವು. ಮುಚ್ಚಿದ ಜಿ, ಅಂಕಲ್ ಬರೆದ ಎಚ್, ಐ ಕೂತಲ್ಲೇ ಕೂತವು. ಸೋಮವಾರ ಲಿಂಕ್ ಕಳಿಸಿ, ಕೆಲಸ ಮಾಡುತ್ತದೋ ಇಲ್ಲವೋ ನೋಡಲು ಮೊದಲು ತುಂಬುವವಳು ಅವಳೇ. ಕೆಲಸ ಕಳೆದುಕೊಂಡವರಲ್ಲಿ ತೀರಾ ಹೊಸಬಳೂ ಅವಳೇ. ಹಾಗಾಗಿ ಮೊದಲ ಸಾಲಿನಿಂದ ಕೊನೆಗೆ. ಶಶಿಧರ ಯಾವಾಗಲೂ ಎಲ್ಲರಿಗಿಂತ ಕೊನೆಯಲ್ಲಿ ತುಂಬುವವನು, ಎಲ್ಲರಿಗಿಂತ ಹೆಚ್ಚು ತಿಂಗಳಿನವನು. ಕೊನೆಯಿಂದ ಮೊದಲ ಸಾಲಿಗೆ. ಹದಿನಾಲ್ಕು ಜನರ ಪಟ್ಟಿಯಲ್ಲಿ ಅವರಿಬ್ಬರು ಆರು ವಾರ ಒಬ್ಬರ ಜಾಗದಲ್ಲಿ ಇನ್ನೊಬ್ಬರು ಕೂತಿದ್ದರು.

ಅವಳು ಎಯಿಂದ ಎಫ್‌ವರೆಗೆ ಮತ್ತೆ ಆರಿಸಿ, ಈ ಸಲ ಸಮಯದ ಪ್ರಕಾರ ಸಾರ್ಟ್ ಒತ್ತಿದಳು. ಹೆಸರುಗಳು ಒಮ್ಮೆ ಕದಡಿ ಮರಳಿ ಕೂತವು. ಕೊನೆಯ ಸಾಲು: ಶಶಿಧರ. ಇಬ್ಬರು ಯಾಕೆ? ಎತ್ತಲಿಲ್ಲ. ಮೊದಲ ಸಾಲು: ನೀಲಗಂಗಾ. ನಗ್ತಾ ನಗ್ತಾ ಮಾತಾಡಿದ್ರು. ಸಂತೋಷ.

"ಈ ವಾರದ್ದು?" ಎಂದ ಗೋಪಿ ಮೆಲ್ಲಗೆ.

ಮೂಲ ಶೀಟಿಗೆ ಹೋದರು. ನಿನ್ನೆ ಸೋಮವಾರ ಬಂದ ಸಾಲುಗಳನ್ನು ಅವಳು ಬೆರಳಿಟ್ಟು ಎಣಿಸಿದಳು. ಹದಿಮೂರು. ಮತ್ತೊಮ್ಮೆ ಎಣಿಸಿದಳು. ಹದಿಮೂರೇ.

ಸೆಲ್ ನಂಬರಿಗೆ ಮಾಡಿದರೆ ಅದು ಚಾಲ್ತಿಯಲ್ಲಿಲ್ಲ ಎಂದು ಒಂದು ಹೆಣ್ಣುದನಿ ಇಂಗ್ಲಿಷಿನಲ್ಲಿ ಹೇಳಿತು. ಶಶಿಧರನ ಹೆಂಡತಿ ಸ್ಮಿತಾ ಫಾರ್ಮಸಿಯೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಅಲ್ಲಿಗೆ ಗೋಪಿ ಫೋನ್ ಹಚ್ಚಿ ನೀಲಗಂಗಾಗೆ ಕೊಟ್ಟ.

"ಶಶಿ? ಆಫೀಸಿಗೆ ಹೋಗಿದಾರೆ ಅಕ್ಕ. ಅಕ್ಟೋಬರಿನಿಂದ ಕಾಂಟ್ರ್ಯಾಕ್ಟ್ ಇದೆಯಲ್ಲ, ವಿಕ್ಸಮ್‌ನಲ್ಲಿ," ಎಂದಳು ಸ್ಮಿತಾ. ಅವಳ ದನಿಯಲ್ಲಿ ಬಹಳ ದಿನಗಳ ಮೇಲಿನ ಹಗುರ ಇತ್ತು. "ಏನು ಗೊತ್ತಾ ಅಕ್ಕ, ನಿನ್ನೆ ಅವರು ಬೇರೆ ಥರಾನೇ ಇದ್ರು. ಹಾಡು ಗುನುಗ್ತಾ ಬಂದ್ರು. ಆಶ್ರಿತಾಗೆ ಅವರೇ ದೋಸೆ ಹುಯ್ದು ಕೊಟ್ರು. ಎಷ್ಟು ತಿಂಗಳಾಗಿತ್ತು ಅವರನ್ನ ಹಾಗೆ ನೋಡಿ. ಬೆಳಿಗ್ಗೆ ಹೋಗೋವಾಗ ಮನೆ ಕೀ ಮಾತ್ರ ಟೇಬಲ್ ಮೇಲೆ ಬಿಟ್ಟು ಹೋಗಿದಾರೆ. ಮರೆವು."

ಅಂಥ ಕಾಂಟ್ರ್ಯಾಕ್ಟ್ ಶೀಟಿನಲ್ಲೆಲ್ಲೂ ಇರಲಿಲ್ಲ. ಮನೆ ಕೀ ಬಿಟ್ಟು ಹೋಗುವವನು ಮರಳಿ ಬರುವವನಲ್ಲ. ನೀಲಗಂಗಾ ಅದನ್ನು ಸ್ಮಿತಾಗೆ ಹೇಳಲಿಲ್ಲ. "ನಾ ಅತ್ಲಾಗ ಹೊಂಟೇನಿ. ಭೆಟ್ಟಿ ಆಗಿ ಫೋನ್ ಮಾಡಸ್ತೀನಿ ತಂಗಿ," ಎಂದಷ್ಟೇ ಹೇಳಿದಳು. ಗೋಪಿಗೆ ಆ ಹಳೇ ಪ್ಲಾಂಟು ಗೊತ್ತಿತ್ತು. "ಸೀಟ್ ಫ್ರೇಮ್ ಮಾಡ್ತಿದ್ರು. ರೈಲು ಹಳಿ ದಾಟಿದ ಮೇಲೆ. ಒಂದ್ಸಲ ಅವರನ್ನ ಡ್ರಾಪ್ ಮಾಡಿದ್ದೆ." ಹೊರಡುವ ಮುಂಚೆ ಅವಳಿಗೆ ಏನನ್ನಿಸಿತೋ, ಪ್ರಿಂಟರ್ ಹಚ್ಚಿದಳು. ಮೊದಲು ಸಮಯದ ಪ್ರಕಾರ ನೆಟ್ಟಗೆ ಕೂತ ಹಾಳೆ. ಆಮೇಲೆ ಜನವರಿ ನಾಲ್ಕರ ಟ್ಯಾಬು, ತಾನು ಕೆಡಿಸಿದ್ದು ಇನ್ನೂ ಹಾಗೇ ಇದ್ದದ್ದು.

ಐ-96 ಹೆದ್ದಾರಿಯಲ್ಲಿ ವಿಕ್ಸಮ್ ರೋಡ್ ಎಕ್ಸಿಟ್ ತೆಗೆದುಕೊಂಡಾಗ ಹನ್ನೊಂದು ದಾಟಿತ್ತು. ಹೊರಗೆ ಹದಿನೆಂಟು ಡಿಗ್ರಿ ಫ್ಯಾರನ್‌ಹೀಟ್, ನೀರು ಕಲ್ಲಾಗುವ ಚಳಿ. ರಸ್ತೆಯ ಎರಡೂ ಕಡೆ ಕಾರ್ಖಾನೆಗಳು, ಒಂದರ ಮುಂದೆ ಫಾರ್ ಲೀಸ್ ಬೋರ್ಡು, ಇನ್ನೊಂದರ ಮುಂದೆಯೂ ಅದೇ. ಹಳಿ ದಾಟಿದ ಮೇಲೆ ಗೋಪಿ ಎಡಕ್ಕೆ ತಿರುಗಿಸಿದ. ಲಾಟಿನಲ್ಲಿ ಇನ್ನೂರು ಕಾರು ಹಿಡಿಯುವಷ್ಟು ಜಾಗ. ಯಾರೂ ಗುಡಿಸದ ಹಿಮ. ಅದರ ಮೇಲೆ ಒಂದೇ ಒಂದು ಕಾರಿನ ಚಕ್ರದ ಗುರುತು, ಒಳಗೆ ಹೋದದ್ದು, ಮರಳಿ ಬಂದಿಲ್ಲ. ಅದು ದೂರದ ಮೂಲೆಗೆ, ಹೆಸರು ಕಿತ್ತುಹಾಕಿದ ಎಂಪ್ಲಾಯಿ ಪಾರ್ಕಿಂಗ್ ಕಂಬದ ಬುಡಕ್ಕೆ ಹೋಗಿತ್ತು.

ಬೂದು ಬಣ್ಣದ ಕಾರು. ಎಂಜಿನ್ ಆರಿತ್ತು. ಗಾಜಿನ ಒಳಗಡೆ ಉಸಿರು ಹೆಪ್ಪುಗಟ್ಟಿ ಬೆಳ್ಳಗಾಗಿತ್ತು.

"ನೀ ಇಲ್ಲೇ ಇರು. ಆಂಬುಲೆನ್ಸಿಗೆ ಹಚ್ಚು," ಎಂದು ನೀಲಗಂಗಾ ಇಳಿದು ಓಡಿದಳು. ಓಡಲು ಎಲ್ಲಿ ಆಗುತ್ತದೆ, ಹಿಮದಲ್ಲಿ ಬೂಟು ಹೂತು ಹೂತು ಏಳುತ್ತಿತ್ತು. ಗಾಜು ಬಡಿದಳು. ಒಳಗಿಂದ ಸದ್ದಿಲ್ಲ. ಬಾಗಿಲು ಜಗ್ಗಿದರೆ ತೆರೆದೇ ಇತ್ತು.

ಶಶಿಧರ ಡ್ರೈವರ್ ಸೀಟಿನಲ್ಲಿ ಟೈ ಕಟ್ಟಿಕೊಂಡು ಕೂತಿದ್ದ. ಕೋಟು ಮಡಿಸಿ ಪಕ್ಕದ ಸೀಟಿನ ಮೇಲಿಟ್ಟಿದ್ದ, ಬೇರೆ ಯಾರಿಗೋ ಬೇಕಾದೀತು ಎಂಬಂತೆ. ತುಟಿ ನೀಲಿ. ಕಣ್ಣುಗಳು ತೆರೆದಿದ್ದವು. ಅವಳನ್ನು ನೋಡಿ ಬೆಚ್ಚಲಿಲ್ಲ, ಪರಿಚಯದ ನಗುವನ್ನೂ ನಗಲಿಲ್ಲ.

"ಮೆಲ್ಲಗೆ ಮಾತಾಡಿ," ಎಂದ. "ನಿನ್ನೆ ಅವನೇ ಮನೆಗೆ ಹೋದ. ನಾನು ಇಲ್ಲಿಂದಲೇ ನೋಡ್ತಿದ್ದೆ. ಮಗು ನಗ್ತಾ ಇತ್ತು."

ಅವಳಿಗೆ ಅಳು ಬಂತು, ಸಿಟ್ಟೂ ಬಂತು. ಅವನ ಮೇಲೆ ಕೋಟು ಹೊದಿಸಿ, ತನ್ನ ಶಾಲು ಕಿತ್ತು ಅವನ ಕತ್ತಿಗೆ ಸುತ್ತಿ, ಅವನ ಕೈ ತನ್ನ ಎರಡೂ ಕೈಯಲ್ಲಿಟ್ಟು ತಿಕ್ಕಿದಳು. ಮರದ ತುಂಡಿನ ಹಾಗಿತ್ತು ಕೈ.

"ಶಶಿಧರ ಅವ್ರ, ಕೇಳ್ರಿಲ್ಲೆ. ಅವಾ ಯಾರೂ ಇಲ್ಲ. ಅದು ನಾನು."

ಅವನಿಗೆ ಅರ್ಥವಾದಂತೆ ಕಾಣಲಿಲ್ಲ.

ಅವಳು ಎರಡೂ ಹಾಳೆಗಳನ್ನು ಸ್ಟಿಯರಿಂಗ್ ಮೇಲೆ ಹರಡಿದಳು. "ಇಲ್ಲಿ ನೋಡ್ರಿ. ಮ್ಯಾಲಿನ ಸಾಲು ನಂದು. ನಾ ಸಾರ್ಟ್ ಮಾಡಿದಾಗ ನಿಮ್ಮ ಹೆಸರು ಬಂದು ನನ್ನ ಸಾಲಿನ್ಯಾಗ ಕುಂತದ. ಬಾಜೂದಾಗ ಬರದದ್ದು ಜಾಗಾ ಬಿಟ್ಟಿಲ್ಲ. ಇದು ಟೈಮ್ ನೋಡ್ರಿ, ಆರೂ ಐದು, ನಾ ತುಂಬಿದ್ದು. ಅಂಕಲ್ ಮಾತಾಡಿದ್ದು ನನ್ನ ಕೂಡ. ಅರಾಮ ಅದೀನಿ ಅಂದಾಕಿ ನಾನು. ದ್ವಾಸಿ ಹಾಕ್ಲಿಕತ್ತೇನಿ ಅಂದಾಕಿ ನಾನು. ಹಾಕಿರಲೂ ಇಲ್ಲ, ಹಾಸಿಗ್ಯಾಗ ಬಿದ್ದಿದ್ದೆ. ಇಂಟರ್ವ್ಯೂ ಇಲ್ಲ, ಸೆಕೆಂಡ್ ರೌಂಡೂ ಇಲ್ಲ. ಎಲ್ಲಾ ಸುಳ್ಳ."

ಅವನು ಹಾಳೆಯನ್ನು ಬಹಳ ಹೊತ್ತು ನೋಡಿದ. ಹದಿನೈದು ವರ್ಷ ಕ್ವಾಲಿಟಿ ವಿಭಾಗದಲ್ಲಿ ತಪ್ಪು ಹಿಡಿದ ಮನುಷ್ಯ. ಅವನ ಬೆರಳು ಒಂದು ಹಾಳೆಯ ಮೊದಲ ಸಾಲಿನಿಂದ ಇನ್ನೊಂದರ ಕೊನೆಯ ಸಾಲಿಗೆ ಹೋಯಿತು, ಅಲ್ಲಿಂದ ಸಮಯದ ಕಾಲಮ್ಮಿಗೆ ಬಂತು, ಮತ್ತೆ ಹೋಯಿತು. ಒಂದು ಕಡೆ ನಿಂತಿತು. ಅದು ಅವನದೇ ಮಾತು: ಯಾರಾದರೂ ಒಬ್ಬರು ಮಾತಾಡಿದರೆ ಸಾಕು.

"ಇದು ಬಂದಿತ್ತಾ?" ಎಂದ.

"ಬಂದಿತ್ತು. ಎಲ್ಲಾ ಬಂದಿತ್ತು. ನಾ ಮುಚ್ಚಿಟ್ಟಿದ್ದೆ."

"ನಾನು ಬರೆದದ್ದು ಅಳಿಸಿ ಹೋಗ್ತಿದೆ ಅಂದ್ಕೊಂಡಿದ್ದೆ." ಅವನು ಹಾಳೆಯಿಂದ ತಲೆಯೆತ್ತಿದ. "ಹಾಗಾದ್ರೆ ಮನೇಲಿ ಯಾರೂ ಇಲ್ಲ?"

"ಯಾರೂ ಇಲ್ರಿ. ನಿನ್ನೆ ಮನಿಗೆ ಹ್ವಾದಾವ್ರು ನೀವ. ಹಾಡಿದಾವ್ರೂ ನೀವ. ಮಗಳಿಗೆ ದ್ವಾಸಿ ಹಾಕಿದಾವ್ರೂ ನೀವ."

"ಆವತ್ತಿನ ದೋಸೆ?"

"ಸ್ನೋ ಡೇ ದಿನ? ಮಗು ಎಲ್ಲಿತ್ತು?"

ಅವನು ಹುಬ್ಬು ಗಂಟಿಕ್ಕಿದ, ಬಹಳ ದೂರದಿಂದ ಏನನ್ನೋ ಎಳೆದು ತರುವವನಂತೆ. "ಪಕ್ಕದ ಆಂಧ್ರದವರ ಮನೇಲಿ ಬಿಟ್ಟಿದ್ವಿ."

"ಅವರು ಕೊಟ್ಟಿರ್ತಾರ."

ಅವನು ತಲೆಯಾಡಿಸಿದ. ಹಾಳೆ ಮಡಿಸಿದ. ಆಮೇಲೆ ತೀರಾ ಸಣ್ಣ ದನಿಯಲ್ಲಿ ಕೇಳಿದ, "ಮತ್ತೆ ಅಡುಗೆಮನೆ ಲೈಟು? ನಾನು ಬೆಳಿಗ್ಗೆ ಆರಿಸಿಯೇ ಹೋಗಿದ್ದೆ. ಎಲ್ಲರಿಗಿಂತ ಕೊನೆಗೆ ಹೊರಟವನು ನಾನೇ."

ನೀಲಗಂಗಾ ಏನಾದರೂ ಸುಳ್ಳು ಹೇಳಬಹುದಿತ್ತು, ನಾಲಿಗೆಯ ತುದಿಗೆ ಬ್ರೇಕರು, ಟೈಮರು ಎಂದೇನೋ ಬಂತು ಕೂಡ. ನುಂಗಿಕೊಂಡಳು. "ನನಗ ಗೊತ್ತಿಲ್ರಿ," ಎಂದಳು. ಖಾಲಿ ಕಾರ್ಖಾನೆಯ ಕಡೆಯಿಂದ ಗಾಳಿ ಎದ್ದು ಹಿಮದ ಪುಡಿಯನ್ನು ಲಾಟಿನ ಉದ್ದಕ್ಕೂ ಎಳೆದುಕೊಂಡು ಹೋಯಿತು. ಇಬ್ಬರೂ ಅದನ್ನು ನೋಡಿದರು.

ರಸ್ತೆಯ ಕಡೆಯಿಂದ ಸೈರನ್ ಕೇಳಿಸತೊಡಗಿತು. ಗೋಪಿ ಗೇಟಿನ ಬಳಿ ಎರಡೂ ಕೈ ಎತ್ತಿ ಬೀಸುತ್ತಿದ್ದ. ಶಶಿಧರ ಶಾಲನ್ನು ಕತ್ತಿಗೆ ಒತ್ತಿಹಿಡಿದು ಅವಳ ಮುಖವನ್ನು ಈಗಷ್ಟೇ ನೋಡುತ್ತಿರುವಂತೆ ನೋಡಿದ. ಆರು ವಾರ ಅವಳ ಮಾತುಗಳನ್ನು ತನ್ನ ಹೆಸರಿನ ಪಕ್ಕದಲ್ಲಿ ಓದಿದ ಒಬ್ಬನೇ ಮನುಷ್ಯ ಅವನು. ಅವುಗಳಲ್ಲಿ ಎಷ್ಟು ಸುಳ್ಳಿದೆ ಎಂದು ಈಗ ತಿಳಿದವನೂ ಅವನೊಬ್ಬನೇ.

"ನೀಲಗಂಗಾ ಅವ್ರೇ," ಎಂದ. "ನೀವು ಆರಾಮಾಗಿದೀರಾ?"

ಮಂಗಳವಾರ ಹನ್ನೊಂದು ದಾಟಿತ್ತು. ನೋವೈಯ ಮನೆಯಲ್ಲಿ ಜಗನ್ನಾಥ ಅಂಕಲ್ ಫೋನು ಈಗ ಬಡಿದುಕೊಳ್ಳುತ್ತಿರಬೇಕು, ಎತ್ತುವವರಿಲ್ಲ.

"ಇಲ್ರಿ," ಎಂದಳು ನೀಲಗಂಗಾ, ಮತ್ತು ಅವನ ಕೈ ಬಿಡದೆ ಅಳತೊಡಗಿದಳು.